ಇಂಟಾರ್ಸಿಯಾ ಹೆಣಿಗೆಯಲ್ಲಿ ಬಣ್ಣದ ಗಡಿಯುದ್ದಕ್ಕೂ ತೂತುಗಳು ಬೀಳುತ್ತಿವೆ: ಎಳೆಗಳನ್ನು ಎಲ್ಲಿ, ಹೇಗೆ ಹೊಸೆಯಬೇಕು?

ವಿನುತಾ:
ಮಗುವಿನ ಸ್ವೆಟರಿನ ಮುಂಭಾಗಕ್ಕೆ ಮನೆಯ ಚಿತ್ರವೊಂದನ್ನು ಇಂಟಾರ್ಸಿಯಾದಲ್ಲಿ ಹೆಣೆಯಬೇಕೆಂದು ಮೊದಲು ಒಂದು ಮಾದರಿ ತುಂಡನ್ನು ಹೆಣೆದಿದ್ದೇನೆ. ಹಿನ್ನೆಲೆ ನೀಲಿ. ಅದರ ನಡುವೆ 20 ಕುಣಿಕೆ ಅಗಲ, 24 ಸಾಲು ಎತ್ತರದ ಬಿಳಿ ಗೋಡೆ. ಗೋಡೆಯ ಬುಡದಿಂದಲೇ ಏಳುವ, 6 ಕುಣಿಕೆ ಅಗಲ ಮತ್ತು 10 ಸಾಲು ಎತ್ತರದ ಕೆಂಪು ಬಾಗಿಲು. ಮೇಲಿನ ಕೆಂಪು ಛಾವಣಿ 24 ಕುಣಿಕೆಗಳಿಂದ ಆರಂಭವಾಗಿ ಪ್ರತಿ ಸಾಲಿನಲ್ಲೂ ಎರಡು ಬದಿಗಳಲ್ಲಿ ಒಂದೊಂದು ಕುಣಿಕೆ ಕಡಿಮೆಯಾಗುತ್ತ ಹೋಗುತ್ತದೆ. ಉಣ್ಣೆಯ ನೂಲು, 4 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 22 ಕುಣಿಕೆಗಳು ಬರುತ್ತಿವೆ.

ತುಂಡನ್ನು ಬೆಳಕಿಗೆ ಹಿಡಿದರೆ ಗೋಡೆಯ ಎರಡು ನೆಟ್ಟನೆಯ ಅಂಚುಗಳಲ್ಲಿಯೂ ಸಮಾನ ಅಂತರದಲ್ಲಿ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಗೋಡೆಯ ಬುಡದ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ದೊಡ್ಡದೊಂದು ತೂತು ಇದೆ. ವಿಚಿತ್ರವೆಂದರೆ, ಛಾವಣಿಯ ಓರೆ ಅಂಚಿನಲ್ಲಿ ನಾನು ಎಳೆಗಳನ್ನು ಹೊಸೆಯದೇ ಇದ್ದರೂ ಅಲ್ಲಿ ತೂತೇ ಇಲ್ಲ. ಇದರ ಜೊತೆಗೆ, ಬಾಗಿಲಿನ ಸಾಲುಗಳಲ್ಲಿ ಐದು ಬಾಬಿನ್‌ಗಳು ಒಂದಕ್ಕೊಂದು ಸುತ್ತಿಕೊಂಡು, ಹೆಣೆಯುವುದಕ್ಕಿಂತ ಹೆಚ್ಚು ಹೊತ್ತು ಸಿಕ್ಕು ಬಿಡಿಸುವುದರಲ್ಲೇ ಕಳೆಯುತ್ತಿದೆ. ನಿಜವಾದ ಸ್ವೆಟರಿಗೆ ಕೈ ಹಾಕುವ ಮೊದಲು ದಾರಿ ತಿಳಿದವರು ಹೇಳಬೇಕು.

ರಘುನಂದನ:
ನೀಲಿ ಎಳೆಯನ್ನು ಬಿಳಿ ಗೋಡೆಯ ಹಿಂದಿನಿಂದಲೇ ಒಯ್ದುಬಿಟ್ಟರೆ ಬಾಬಿನ್‌ಗಳ ಗೊಡವೆಯೇ ಇರುವುದಿಲ್ಲವಲ್ಲ? ನಾನು ಎರಡು ಬಣ್ಣದ ಹೆಣಿಗೆಯನ್ನು ಯಾವಾಗಲೂ ಹಾಗೆಯೇ ಮಾಡುತ್ತೇನೆ, ಒಂದು ತೂತೂ ಬಿದ್ದಿಲ್ಲ.

ಪ್ರಮೀಳಾ:
ರಘುನಂದನ ಅವರೇ, ನೀವು ಹೇಳುತ್ತಿರುವುದು ಮೂರು ನಾಲ್ಕು ಕುಣಿಕೆಗಳಿಗೊಮ್ಮೆ ಬಣ್ಣ ಬದಲಾಗುವ ವಿನ್ಯಾಸಕ್ಕೆ ಸರಿಹೋಗುತ್ತದೆ. ಇಲ್ಲಿ ಗೋಡೆ 20 ಕುಣಿಕೆ ಅಗಲವಿದೆ, ಅಂದರೆ ಹಿಂಬದಿಯಲ್ಲಿ ಪ್ರತಿ ಸಾಲಿಗೂ ಸುಮಾರು 9 ಸೆಂ.ಮೀ. ಉದ್ದದ ಸಡಿಲ ಎಳೆ ತೂಗಾಡುತ್ತದೆ. ಮಗು ತೋಳು ತೂರಿಸುವಾಗ ಬೆರಳುಗಳೆಲ್ಲ ಅದಕ್ಕೇ ಸಿಕ್ಕಿಹಾಕಿಕೊಳ್ಳುತ್ತವೆ. ನಡುನಡುವೆ ಹಿಡಿದು ಹೆಣೆದರೆ ಬಿಳಿಯ ಕುಣಿಕೆಗಳ ಸಂದಿನಿಂದ ನೀಲಿ ಇಣುಕುತ್ತದೆ, ಚಿತ್ರವಿರುವ ಭಾಗ ಮಾತ್ರ ದಪ್ಪವಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಪ್ರತಿ ಬಣ್ಣದ ತುಂಡಿಗೂ ಅದರದೇ ಆದ ಎಳೆ ಇರುವುದರಿಂದಲೇ ಇಂಟಾರ್ಸಿಯಾದ ಬಟ್ಟೆ ಒಂದೇ ದಪ್ಪದಲ್ಲಿ ಉಳಿಯುತ್ತದೆ.

ಸುಮಂಗಲಾ:
ವಿನುತಾ, ನೀವು ವಿವರಿಸಿರುವ ತೂತುಗಳು ಒಂದೇ ಜಾತಿಯವಲ್ಲ. ಆದ್ದರಿಂದ ಒಂದೇ ಮದ್ದಿನಿಂದ ಅವು ಹೋಗುವುದಿಲ್ಲ. ಮೊದಲು ತುಂಡನ್ನು ತಿರುಗಿಸಿ ಹಿಂಬದಿಯನ್ನು ನೋಡಿ ಹೇಳಿ: ಗೋಡೆಯ ಅಂಚಿನಲ್ಲಿ ಬಿಳಿ ಮತ್ತು ನೀಲಿ ಎಳೆಗಳು ಪ್ರತಿ ಸಾಲಿನಲ್ಲೂ ಒಂದನ್ನೊಂದು ಕೊಕ್ಕೆಯಂತೆ ಹಿಡಿದುಕೊಂಡಿವೆಯೇ, ಅಥವಾ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಮಾತ್ರವೇ? ಹೆಣೆಯುವಾಗ ಪರ್ಲ್ ಸಾಲಿನಲ್ಲಿ ನೀವು ಹೊಸ ಎಳೆಯನ್ನು ಹೇಗೆ ಎತ್ತಿಕೊಳ್ಳುತ್ತೀರಿ ಎಂಬುದನ್ನೂ ತಿಳಿಸಿ.

ಶಾಲಿನಿ:
ನಿಟ್ ಸಾಲಿನಲ್ಲಿ ಹೊಸ ಎಳೆಯನ್ನು ಹಳೆಯದರ ಕೆಳಗಿನಿಂದ ತೆಗೆದುಕೊಳ್ಳಬೇಕು, ಪರ್ಲ್ ಸಾಲಿನಲ್ಲಿ ಮೇಲಿನಿಂದ ತೆಗೆದುಕೊಳ್ಳಬೇಕು. ಬಟ್ಟೆಯ ಮುಖ ತಿರುಗಿರುವುದರಿಂದ ಎಲ್ಲವೂ ತಲೆಕೆಳಗಾಗಿರುತ್ತದೆ. ನನಗೆ ಹೇಳಿಕೊಟ್ಟವರು ಹೀಗೆಯೇ ಹೇಳಿದ್ದರು.

ವಿನುತಾ:
ಸುಮಂಗಲಾ ಅವರೇ, ನೀವು ಊಹಿಸಿದಂತೆಯೇ ಇದೆ. ಹಿಂಬದಿಯಲ್ಲಿ ಒಂದು ಸಾಲಿನಲ್ಲಿ ಎಳೆಗಳು ಹಿಡಿದುಕೊಂಡಿವೆ, ಅದರ ಮೇಲಿನ ಸಾಲಿನಲ್ಲಿ ಪಕ್ಕಪಕ್ಕದಲ್ಲಿ ಸುಮ್ಮನೆ ನಿಂತಿವೆ. ಪರ್ಲ್ ಸಾಲಿನಲ್ಲಿ ನಾನು ಶಾಲಿನಿ ಅವರು ಹೇಳಿದ ರೀತಿಯಲ್ಲೇ ಹೊಸ ಎಳೆಯನ್ನು ಮೇಲಿನಿಂದ ಎತ್ತಿಕೊಳ್ಳುತ್ತಿದ್ದೆ.

ಸುಮಂಗಲಾ:
ಹಾಗಾದರೆ ಅಂಚಿನ ತೂತುಗಳ ಕಾರಣ ಸ್ಪಷ್ಟವಾಯಿತು. ಶಾಲಿನಿ, ನಿಮ್ಮ ಮಾತಿನಲ್ಲಿ ಅರ್ಧ ಸರಿಯಿದೆ: ಪರ್ಲ್ ಸಾಲಿನಲ್ಲಿ ಎಳೆಗಳು ಬಟ್ಟೆಯ ಹಿಂದೆ ಇರುವುದಿಲ್ಲ, ನಮ್ಮ ಮುಖದ ಕಡೆಗೇ ಇರುತ್ತವೆ. ಆದರೆ ಚಲನೆ ಬದಲಾಗುವುದಿಲ್ಲ. ಎರಡು ಬಗೆಯ ಸಾಲುಗಳಲ್ಲಿಯೂ ಈಗಷ್ಟೇ ಹೆಣೆದು ಮುಗಿಸಿದ ಎಳೆಯನ್ನು ಎಡಕ್ಕೆ, ಹೊಸ ಎಳೆಯ ಮೇಲೆ ಹಾಯುವಂತೆ ಇಳಿಬಿಡಬೇಕು. ಹೊಸ ಎಳೆಯನ್ನು ಅದರ ಅಡಿಯಿಂದ ತಂದು, ಬಲಬದಿಯಿಂದ ಮೇಲಕ್ಕೆತ್ತಿ ಹೆಣೆಯಬೇಕು. ಹೀಗೆ ಮಾಡಿದಾಗ ಹೊಸ ಎಳೆ ಹಳೆಯ ಎಳೆಯನ್ನು ಬಳಸಿಕೊಂಡು ಬರುತ್ತದೆ. ಮೇಲಿನಿಂದ ನೇರವಾಗಿ ಎತ್ತಿಕೊಂಡರೆ ಅದು ಹಳೆಯ ಎಳೆಯನ್ನು ಬಳಸುವುದೇ ಇಲ್ಲ.

ಪ್ರತಿ ಸಾಲಿನಲ್ಲೂ ಏಕೆ ಬೇಕು ಎಂಬುದನ್ನು ಹೀಗೆ ಯೋಚಿಸಿ ನೋಡಿ. ನೆಟ್ಟನೆಯ ಗಡಿಯಲ್ಲಿ ಬಿಳಿ ಎಳೆ ಗಡಿಯವರೆಗೆ ಬಂದು, ಮುಂದಿನ ಸಾಲಿನಲ್ಲಿ ಹಿಂತಿರುಗಿ ಹೋಗುತ್ತದೆ. ನೀಲಿಯೂ ತನ್ನ ಕಡೆಯಿಂದ ಬಂದು ಹಿಂತಿರುಗುತ್ತದೆ. ಎರಡೂ ಹೊರಳುವ ಜಾಗದಲ್ಲಿ ಒಂದನ್ನೊಂದು ಹಿಡಿಯದಿದ್ದರೆ ಅವು ಬೇರೆ ಬೇರೆ ಬಟ್ಟೆಗಳ ಅಂಚುಗಳೇ. ನಿಟ್ ಸಾಲಿನಲ್ಲಿ ಬಿಳಿಯ ಹೊರಳು ನೀಲಿಯನ್ನು ಹಿಡಿದರೆ ಪರ್ಲ್ ಸಾಲಿನಲ್ಲಿ ನೀಲಿಯ ಹೊರಳು ಬಿಳಿಯನ್ನು ಹಿಡಿಯುತ್ತದೆ, ಗೋಡೆಯ ಇನ್ನೊಂದು ಬದಿಯಲ್ಲಿ ಇದೇ ಕ್ರಮ ಅದಲುಬದಲಾಗಿ ನಡೆಯುತ್ತದೆ. ನಿಮ್ಮ ತುಂಡಿನಲ್ಲಿ ಈ ಸರಪಳಿಯ ಕೊಂಡಿಗಳು ಒಂದು ಬಿಟ್ಟು ಒಂದು ತಪ್ಪಿಹೋಗಿವೆ. ಅದಕ್ಕೇ ತೂತುಗಳು ಅಷ್ಟು ಶಿಸ್ತಾಗಿ ಎರಡು ಸಾಲಿಗೊಂದರಂತೆ ಬಿದ್ದಿವೆ. ಎರಡು ಸಾಲುಗಳಲ್ಲೂ ತಪ್ಪಿದ್ದರೆ ಅಲ್ಲಿ ಸಾಲುತೂತುಗಳ ಬದಲು ಉದ್ದನೆಯ ಸೀಳು ಇರುತ್ತಿತ್ತು.

ಒಂದೇ ಒಂದು ಸಲ ಹಾಯಿಸಿದರೆ ಸಾಕು. ಭದ್ರವಾಗಲೆಂದು ಎರಡು ಸುತ್ತು ಹೊಸೆದರೆ ಹಿಂಬದಿಯಲ್ಲಿ ಏಣು ಏಳುತ್ತದೆ, ಮುಂಬದಿಯಲ್ಲಿ ಅಂಚಿನ ಕುಣಿಕೆಗಳು ಓರೆಯಾಗಿ ನಿಲ್ಲುತ್ತವೆ.

ಶಾಲಿನಿ:
ಒಪ್ಪುವುದಕ್ಕೆ ಕಷ್ಟವಾಗುತ್ತಿದೆ. ನಾನು ಮೇಲಿನಿಂದಲೇ ತೆಗೆದುಕೊಂಡು ಒಂದು ಕುಶನ್ ಕವರ್ ಹೆಣೆದಿದ್ದೇನೆ, ಅದು ಚೆನ್ನಾಗಿಯೇ ಇದೆ.

ಪ್ರಮೀಳಾ:
ಆ ಕವರಿನ ನೂಲು ಯಾವುದು ಎಂದು ಕೇಳಬಹುದೇ? ಜುಂಗುಳ್ಳ ಉಣ್ಣೆಯಾಗಿದ್ದರೆ ಒಗೆದು ಹರಡಿದ ಮೇಲೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತವೆ. ಅದೇ ಚಿತ್ರವನ್ನು ನುಣುಪಾದ ಹತ್ತಿಯ ನೂಲಿನಲ್ಲಿ ಹೆಣೆದರೆ ಒಂದು ಕೊಂಡಿ ತಪ್ಪಿದರೂ ಎದ್ದು ಕಾಣುತ್ತದೆ, ಒಗೆದರೂ ಮುಚ್ಚುವುದಿಲ್ಲ.

ಶಾಲಿನಿ:
ಜುಂಗಿನ ಉಣ್ಣೆಯೇ. ಕವರನ್ನು ಬೆಳಕಿಗೆ ಹಿಡಿದು ನೋಡುವ ಪ್ರಸಂಗ ಬಂದಿಲ್ಲ.

ವಿನುತಾ:
ಬುಡದ ಮೂಲೆಯ ದೊಡ್ಡ ತೂತಿಗೂ ಇದೇ ಕಾರಣವೇ?

ಸುಮಂಗಲಾ:
ಅಲ್ಲ. ಅದು ಬಿಳಿ ಎಳೆ ಮೊದಲ ಬಾರಿಗೆ ಸೇರಿದ ಜಾಗ. ಕೆಳಗಿನ ಸಾಲಿನಿಂದ ಬಂದ ಬಿಳಿ ಎಳೆಯೇ ಅಲ್ಲಿ ಇಲ್ಲದ ಕಾರಣ, ನೀಲಿಯನ್ನು ಬಳಸಿ ಬರಲು ಏನೂ ಇರುವುದಿಲ್ಲ. ಇರುವುದು ತುದಿ ಮಾತ್ರ. ಆದ್ದರಿಂದ ಹೊಸ ನೂಲು ಸೇರುವ ಪ್ರತಿಯೊಂದು ಜಾಗದಲ್ಲೂ ಹೆಣೆಯುವಾಗ ತೂತು ಇದ್ದೇ ಇರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ತುದಿಯನ್ನು 15 ಸೆಂ.ಮೀ. ಬಿಟ್ಟುಕೊಳ್ಳಿ. ಹೆಣಿಗೆ ಮುಗಿದ ಮೇಲೆ ದಪ್ಪ ಸೂಜಿಗೆ ಅದನ್ನು ಪೋಣಿಸಿ, ಮೊದಲು ತೂತಿನ ಆಚೆಯ ನೀಲಿ ಕುಣಿಕೆಯ ಹಿಂಬದಿಯನ್ನು ಒಮ್ಮೆ ಹಿಡಿದು, ಅಲ್ಲಿಂದ ಹಿಂತಿರುಗಿ ಬಿಳಿಯ ಭಾಗದೊಳಕ್ಕೆ ಹೊಲಿದುಕೊಂಡು ಹೋಗಿ. ಆಚೆಗೆ ಹೋಗಿ ಹಿಂತಿರುಗುವ ಆ ಒಂದು ಹಿಡಿತವೇ ತೂತನ್ನು ಮುಚ್ಚುವುದು. ತುದಿಯನ್ನು ನೇರವಾಗಿ ಬಿಳಿಯೊಳಗೆ ಅಡಗಿಸಿದರೆ ತೂತು ಇನ್ನಷ್ಟು ತೆರೆದುಕೊಳ್ಳುತ್ತದೆ.

ಜಯಶೀಲ:
ಗಂಟು ಹಾಕಿಬಿಟ್ಟರೆ ಮುಗಿಯಿತಲ್ಲ?

ಸುಮಂಗಲಾ:
ಗಂಟು ತೂತನ್ನು ಮುಚ್ಚುವುದಿಲ್ಲ, ಅದರ ಪಕ್ಕದಲ್ಲಿ ಒಂದು ಉಬ್ಬಾಗಿ ಕೂರುತ್ತದೆ. ಜೊತೆಗೆ, ಹಿಗ್ಗಬೇಕಾದ ಬಟ್ಟೆಯನ್ನು ಒಂದೇ ಬಿಂದುವಿನಲ್ಲಿ ಬಿಗಿಯಾಗಿ ಹಿಡಿಯುತ್ತದೆ.

ಪ್ರಮೀಳಾ:
ತೂತಿನ ಇನ್ನೊಂದು ಬಗೆಯನ್ನೂ ಇಲ್ಲಿ ಸೇರಿಸುತ್ತೇನೆ. ಹಿಂಬದಿಯಲ್ಲಿ ಎಲ್ಲ ಕೊಂಡಿಗಳೂ ಸರಿಯಾಗಿದ್ದು, ಮುಂಬದಿಯಲ್ಲಿ ಗಡಿಗೆ ಅಂಟಿದ ಒಂದು ಕಂಬಸಾಲಿನ ಕುಣಿಕೆಗಳು ಮಾತ್ರ ಸಡಿಲವಾಗಿ, ಉದ್ದವಾಗಿ ಕಂಡರೆ ಅದು ಬಿಗಿತದ ದೋಷ. ಹಳೆಯ ಬಣ್ಣದ ಕೊನೆಯ ಕುಣಿಕೆಯನ್ನು ಹಿಡಿದಿಡಲು ಅದರಾಚೆ ಅದೇ ಎಳೆಯ ಇನ್ನೊಂದು ಕುಣಿಕೆ ಇರುವುದಿಲ್ಲ, ಬಾಬಿನ್ನಿನ ಭಾರವೂ ಅದನ್ನು ಕೆಳಕ್ಕೆ ಜಗ್ಗುತ್ತಿರುತ್ತದೆ. ಹೊಸ ಎಳೆಯಲ್ಲಿ ಎರಡು ಕುಣಿಕೆ ಹೆಣೆದ ಮೇಲೆ ಅದನ್ನು ಮೆಲ್ಲನೆ ಎಳೆದು ಬಿಗಿ ಸರಿಮಾಡಿಕೊಳ್ಳಿ. ಮೊದಲ ಕುಣಿಕೆಯಲ್ಲೇ ಜೋರಾಗಿ ಎಳೆದರೆ ಗಡಿ ಸುಕ್ಕುಗಟ್ಟುತ್ತದೆ, ಒಗೆದರೂ ಆ ಸುಕ್ಕು ಪೂರ್ತಿ ಬಿಡುವುದಿಲ್ಲ.

ವಿನುತಾ:
ಇನ್ನು ಛಾವಣಿಯ ವಿಷಯ. ಅಲ್ಲಿ ಹೊಸೆಯದಿದ್ದರೂ ತೂತು ಏಕೆ ಬೀಳಲಿಲ್ಲ?

ಶಾಲಿನಿ:
ಓರೆ ಗೆರೆಗಳಲ್ಲಿ ಹೊಸೆಯುವುದೇ ಬೇಡ, ಇದಂತೂ ನನಗೆ ಖಚಿತವಾಗಿ ಗೊತ್ತು.

ಸುಮಂಗಲಾ:
ಪ್ರತಿ ಸಾಲಿಗೂ ಒಂದು ಕುಣಿಕೆ ಸರಿಯುವ ಓರೆಯಾದರೆ ನಿಮ್ಮ ಮಾತು ನಿಲ್ಲುತ್ತದೆ. ನೀಲಿ ಒಂದು ಕುಣಿಕೆಯಷ್ಟು ಒಳಗೆ ಸರಿದಾಗ ಅದು ಕೆಳಗಿನ ಸಾಲಿನ ಕೆಂಪು ಕುಣಿಕೆಯೊಳಗಿಂದಲೇ ಎದ್ದು ಬರುತ್ತದೆ. ಹೀಗೆ ಒಂದು ಬಣ್ಣದ ಕುಣಿಕೆ ಇನ್ನೊಂದು ಬಣ್ಣದ ಕುಣಿಕೆಯ ಮೂಲಕ ಹಾಯುವುದರಿಂದ ಗಡಿ ಬಿಚ್ಚಿಕೊಳ್ಳುವಂತಿಲ್ಲ. ಆದರೆ ಛಾವಣಿಯನ್ನು ಇನ್ನಷ್ಟು ಕಡಿದಾಗಿಸಿ, ನಾಲ್ಕು ಸಾಲಿಗೊಮ್ಮೆ ಒಂದು ಕುಣಿಕೆ ಸರಿಯುವಂತೆ ಮಾಡಿದರೆ, ಸರಿಯದ ಮೂರು ಸಾಲುಗಳು ನೆಟ್ಟನೆಯ ಗಡಿಯೇ ಆಗುತ್ತವೆ. ಅಲ್ಲಿ ಹೊಸೆಯದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ತೂತು ಬೀಳುತ್ತದೆ. ನಾನಂತೂ ಲೆಕ್ಕ ಹಾಕುವ ಗೋಜಿಗೆ ಹೋಗದೆ ಎಲ್ಲ ಗಡಿಗಳಲ್ಲೂ ಹಾಯಿಸುತ್ತೇನೆ.

ಪ್ರಮೀಳಾ:
ಇದನ್ನು ನಾನು ಒಪ್ಪುವುದಿಲ್ಲ. ಸಾಲಿಗೊಂದು ಸರಿಯುವ ಓರೆಯಲ್ಲಿಯೂ ಹೊಸೆದರೆ ಗಡಿ ಅನಗತ್ಯವಾಗಿ ದಪ್ಪವಾಗುತ್ತದೆ, ತೆಳು ನೂಲಿನಲ್ಲಿ ಅದು ಮುಂಬದಿಯಿಂದಲೇ ಗೊತ್ತಾಗುತ್ತದೆ. ಬೇಕಿಲ್ಲದ ಕಡೆ ಹೊಸೆದಷ್ಟೂ ಬಾಬಿನ್‌ಗಳ ಸಿಕ್ಕು ಹೆಚ್ಚುತ್ತದೆ ಎಂಬುದೂ ಇದೆಯಲ್ಲ.

ಸುಮಂಗಲಾ:
ಬಿಗಿಯನ್ನು ಸರಿಯಾಗಿ ಕಾಯ್ದುಕೊಂಡರೆ ದಪ್ಪವಾಗುವುದಿಲ್ಲ ಎಂಬುದು ನನ್ನ ಅನುಭವ. ಇದರಲ್ಲಿ ನಾವಿಬ್ಬರೂ ಹಿಂದೆಯೂ ಒಮ್ಮತಕ್ಕೆ ಬಂದಿಲ್ಲ.

ಭಾರತಿ:
ನಾನು ಗುಂಡು ಕಡ್ಡಿಯಲ್ಲಿ ಟೋಪಿ ಹೆಣೆಯುತ್ತಿದ್ದೇನೆ, ಅದರಲ್ಲಿ ಒಂದು ಹೃದಯದ ಚಿತ್ರ ಬರಬೇಕು. ಎರಡನೆಯ ಸುತ್ತಿಗೆ ಬಂದಾಗ ಕೆಂಪು ಎಳೆ ಹೃದಯದ ಎಡ ತುದಿಯಲ್ಲಿದೆ, ನನಗೆ ಅದು ಬಲ ತುದಿಯಲ್ಲಿ ಬೇಕು. ನಾನು ಹೊಸೆಯುವುದು ತಪ್ಪಾಗಿದೆಯೇ?

ಪ್ರಮೀಳಾ:
ಭಾರತಿ ಅವರೇ, ನಿಮ್ಮದು ಹೊಸೆಯುವ ಸಮಸ್ಯೆಯಲ್ಲ. ಇಂಟಾರ್ಸಿಯಾದಲ್ಲಿ ಎಳೆ ಎಲ್ಲಿ ನಿಂತಿತೋ ಅಲ್ಲಿಂದಲೇ ಹಿಂತಿರುಗಬೇಕು. ಹಾಗಾಗಿ ಹೋಗಿ ಬರುವ ಸಾಲುಗಳಲ್ಲಿ ಮಾತ್ರ ಅದು ಸಲೀಸು. ಸುತ್ತಿನಲ್ಲಿ ಹೆಣೆದರೆ ಎಳೆ ಯಾವಾಗಲೂ ಬೇಡದ ತುದಿಯಲ್ಲಿ ಉಳಿಯುತ್ತದೆ. ಟೋಪಿಯನ್ನು ಚಪ್ಪಟೆಯಾಗಿ ಹೆಣೆದು ಹಿಂದೆ ಹೊಲಿದುಬಿಡಿ. ಹೃದಯ ಚಿಕ್ಕದಾಗಿದ್ದರೆ ಟೋಪಿಯನ್ನು ಒಂದೇ ಬಣ್ಣದಲ್ಲಿ ಮುಗಿಸಿ, ಕೆಂಪು ಎಳೆಯನ್ನು ಸೂಜಿಯಲ್ಲಿ ಪೋಣಿಸಿ ಕುಣಿಕೆಗಳ ಜಾಡಿನಲ್ಲೇ ಮೇಲಿಂದ ಹೊಲಿದರೂ ಆಗುತ್ತದೆ.

ಜಯಶೀಲ:
ಸಿಕ್ಕಿನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಬಾಬಿನ್‌ಗಳನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಉದ್ದನೆಯ ಎಳೆಗಳನ್ನು ಹಾಗೆಯೇ ಇಳಿಬಿಡಿ. ಸಿಕ್ಕಾದರೆ ಬೇಕಾದ ಎಳೆಯೊಂದನ್ನು ಹಿಡಿದು ಎಳೆದರೆ ಅದು ಗುಂಪಿನಿಂದ ತಾನೇ ಜಾರಿ ಬರುತ್ತದೆ. ಬಾಬಿನ್ ಕಟ್ಟಿದ್ದರೆ ಅದು ಪ್ರತಿ ಕುಣಿಕೆಯಲ್ಲೂ ಸಿಕ್ಕಿಕೊಳ್ಳುತ್ತದೆ.

ಸುಮಂಗಲಾ:
ಜಯಶೀಲ ಅವರ ಮಾತು ಸಣ್ಣ ತುಂಡುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಎಲ್ಲವನ್ನೂ ಹಾಗೆ ಬಿಡಲಾಗುವುದಿಲ್ಲ. ವಿನುತಾ ಅವರ ಮನೆಯನ್ನೇ ಲೆಕ್ಕ ಹಾಕಿ ನೋಡೋಣ. ಅವರ ಕಡ್ಡಿ ಮತ್ತು ನೂಲಿಗೆ ಒಂದು ಕುಣಿಕೆಗೆ ಸುಮಾರು 1.5 ಸೆಂ.ಮೀ. ಎಳೆ ಬೇಕಾಗುತ್ತದೆ ಎಂದುಕೊಳ್ಳೋಣ. ಖಚಿತವಾಗಿ ಬೇಕಿದ್ದರೆ ಮಾದರಿಯ 20 ಕುಣಿಕೆಗಳನ್ನು ಬಿಚ್ಚಿ ಎಳೆಯನ್ನು ಅಳೆದರೆ ಸಾಕು.

ಬಾಗಿಲು 6 ಕುಣಿಕೆ, 10 ಸಾಲು, ಅಂದರೆ 60 ಕುಣಿಕೆ. 90 ಸೆಂ.ಮೀ. ಎಳೆಗೆ ಎರಡು ತುದಿಗಳ 30 ಸೆಂ.ಮೀ. ಸೇರಿಸಿದರೆ 120 ಸೆಂ.ಮೀ. ಇದಕ್ಕೆ ಬಾಬಿನ್ ಬೇಡ, ಇಳಿಬಿಟ್ಟರಾಯಿತು. ಬಾಗಿಲಿನ ಎರಡು ಪಕ್ಕಗಳಲ್ಲಿ ಗೋಡೆ ಏಳೇಳು ಕುಣಿಕೆಗಳಷ್ಟಿದೆ, ಹೀಗಾಗಿ ಬಿಳಿಗೆ ಎರಡು ಎಳೆಗಳು ಬೇಕು. ಅವೆರಡನ್ನೂ ಸಮವಾಗಿ ಸುತ್ತಿಕೊಳ್ಳುವುದರಲ್ಲಿ ಅರ್ಥವಿಲ್ಲ. ಬಾಗಿಲು ಮುಗಿದ ಮೇಲಿನ ಸಾಲಿನಲ್ಲಿ ಮೊದಲು ಎದುರಾಗುವ ಬಿಳಿ ಎಳೆಯೇ ಗೋಡೆಯ ಪೂರ್ತಿ ಅಗಲವನ್ನು ಹೆಣೆದುಕೊಂಡು ಹೋಗುತ್ತದೆ, ಆಚೆಯದನ್ನು ಅಲ್ಲಿಗೇ ಕತ್ತರಿಸಬೇಕಾಗುತ್ತದೆ. ಕತ್ತರಿಸುವ ಎಳೆಗೆ 70 ಕುಣಿಕೆ ಮಾತ್ರ, ಎಂದರೆ ತುದಿಗಳೂ ಸೇರಿ 135 ಸೆಂ.ಮೀ.; ಒಂದೂವರೆ ಮೀಟರ್ ತುಂಡೊಂದು ಸಾಕು. ಉಳಿಯುವ ಎಳೆಗೆ ಬಾಗಿಲ ಪಕ್ಕದ 70, ಅದರ ಮೇಲಿನ 14 ಸಾಲುಗಳ 280, ಒಟ್ಟು 350 ಕುಣಿಕೆಗಳು. ಅದಕ್ಕೆ 6 ಮೀಟರ್ ಬೇಕು, ಇದನ್ನು ಮಾತ್ರ ಬಾಬಿನ್ನಿಗೆ ಸುತ್ತಿ. ಎರಡು ಬದಿಯ ನೀಲಿಗೆ ಎರಡು ಉಂಡೆಗಳನ್ನು ಎಡಕ್ಕೊಂದು, ಬಲಕ್ಕೊಂದು ಇಟ್ಟುಕೊಳ್ಳಿ. ಐದು ಬಾಬಿನ್‌ಗಳ ಜಾಗದಲ್ಲಿ ಒಂದೇ ಒಂದು ಉಳಿಯಿತು.

ಜಯಶೀಲ:
ಆ ಆರು ಮೀಟರನ್ನೂ ನಾನಾದರೆ ಒಂದೂವರೆ ಮೀಟರಿನ ತುಂಡುಗಳಾಗಿ ಸೇರಿಸಿಕೊಳ್ಳುತ್ತ ಹೋಗುತ್ತಿದ್ದೆ.

ಪ್ರಮೀಳಾ:
ಹಾಗೆ ಮಾಡಿದರೆ ಬಿಳಿ ಗೋಡೆಯೊಂದರಲ್ಲೇ ಎಷ್ಟು ತುದಿಗಳನ್ನು ಅಡಗಿಸಬೇಕಾಗುತ್ತದೆ ಎಂದು ಎಣಿಸಿದ್ದೀರಾ? ಸಿಕ್ಕು ಬಿಡಿಸುವ ಹೊತ್ತು ಉಳಿಯಿತೆಂದು ಸೂಜಿ ಹಿಡಿದು ಕೂರಬೇಕಾಗುತ್ತದೆ.

ಜಯಶೀಲ:
ಸೂಜಿ ಹಿಡಿಯುವುದು ಸಿಟ್ಟು ತರಿಸುವುದಿಲ್ಲ, ಸಿಕ್ಕು ತರಿಸುತ್ತದೆ.

ಸುಮಂಗಲಾ:
ಸಿಕ್ಕಿನ ಮೂಲ ಬಹಳ ಸಲ ಬಾಬಿನ್ನಿನಲ್ಲಿರುವುದಿಲ್ಲ, ಹೆಣಿಗೆಯನ್ನು ತಿರುಗಿಸುವ ಕೈಯಲ್ಲಿರುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿಯೂ ನಾವು ಅಭ್ಯಾಸಬಲದಿಂದ ಬಟ್ಟೆಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತೇವೆ. ಎರಡು ಸಾಲು ಮುಗಿಯುವಷ್ಟರಲ್ಲಿ ಬಟ್ಟೆ ಒಂದು ಪೂರ್ತಿ ಸುತ್ತು ಸುತ್ತಿರುತ್ತದೆ, ನೆಲದ ಮೇಲಿನ ಉಂಡೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ಅಂದರೆ ಎರಡು ಸಾಲಿಗೊಮ್ಮೆ ಎಲ್ಲ ಎಳೆಗಳೂ ಸೇರಿ ಒಂದು ಸುತ್ತು ಹುರಿಗೊಳ್ಳುತ್ತವೆ. ನಿಟ್ ಸಾಲಿನ ಕೊನೆಯಲ್ಲಿ ಗಡಿಯಾರದ ದಿಕ್ಕಿಗೆ, ಪರ್ಲ್ ಸಾಲಿನ ಕೊನೆಯಲ್ಲಿ ಅದರ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿದ್ದ ಹುರಿ ಬಿಚ್ಚಿಕೊಳ್ಳುತ್ತದೆ. ಬಾಬಿನ್ನಿನಿಂದ ಒಮ್ಮೆಗೆ ಒಂದು ಗೇಣಿಗಿಂತ ಹೆಚ್ಚು ಎಳೆಯನ್ನು ಬಿಚ್ಚಬೇಡಿ. ಅದು ಬಟ್ಟೆಗೆ ಹತ್ತಿರದಲ್ಲಿ ತೂಗುತ್ತಿದ್ದರೆ ಪಕ್ಕದ ಎಳೆಗಳ ನಡುವೆ ನುಸುಳಲು ಅದಕ್ಕೆ ಅವಕಾಶವಿರುವುದಿಲ್ಲ.

ರಘುನಂದನ:
ತಿರುಗಿಸುವ ದಿಕ್ಕಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಎರಡು ಉಂಡೆಗಳ ಹೆಣಿಗೆಯಲ್ಲೂ ಇದು ಉಪಯೋಗಕ್ಕೆ ಬರುತ್ತದೆ.

ವಿನುತಾ:
ಹೊಸದೊಂದು ತುಂಡನ್ನು ಈ ಕ್ರಮದಲ್ಲೇ ಹೆಣೆದೆ. ಗೋಡೆಯ ಅಂಚುಗಳು ಎರಡು ಕಡೆಯೂ ಮುಚ್ಚಿಕೊಂಡಿವೆ, ಬಾಗಿಲಿನ ಎಳೆಗಳೂ ಎಳೆದರೆ ಬರುತ್ತಿವೆ. ಈಗ ಒಂದು ಹೊಸ ತೊಡಕು: ಛಾವಣಿ ಗೋಡೆಗಿಂತ ಎರಡೆರಡು ಕುಣಿಕೆ ಹೊರಚಾಚುವ ಸಾಲಿನಲ್ಲಿ, ಎಡಬದಿಯ ಮೂಲೆ ಮಾತ್ರ ಒಳಕ್ಕೆ ಎಳೆದುಕೊಂಡಿದೆ. ಬಲಬದಿ ಚೆನ್ನಾಗಿದೆ.

ಸುಮಂಗಲಾ:
ಛಾವಣಿಯ ಮೊದಲ ಸಾಲು ನಿಟ್ ಸಾಲಾಗಿತ್ತಲ್ಲವೇ? ಹಿಂದಿನ ಪರ್ಲ್ ಸಾಲಿನಲ್ಲಿ ಎಡಬದಿಯ ನೀಲಿ ಗೋಡೆಯ ಅಂಚಿನಲ್ಲಿ ನಿಂತಿತ್ತು. ಛಾವಣಿ ಎರಡು ಕುಣಿಕೆ ಹೊರಚಾಚಿದ್ದರಿಂದ ಅದೇ ಎಳೆ ಈಗ ಎರಡು ಕುಣಿಕೆ ಎಡಕ್ಕೆ ಸಾಗಿ ಅಲ್ಲಿಂದ ಹೆಣೆಯಲಾರಂಭಿಸಬೇಕು. ಆ ಎರಡು ಕುಣಿಕೆಗಳ ಹಿಂದೆ ಹಾಯುವ ಎಳೆ ಬಿಗಿಯಾದ್ದರಿಂದಲೇ ಮೂಲೆ ಜಗ್ಗಿದೆ. ಬಲಬದಿಯ ನೀಲಿ ಅಂಚಿನಿಂದ ಹೆಣೆದುಕೊಂಡು ಬಂದು ಎರಡು ಕುಣಿಕೆ ಮೊದಲೇ ನಿಂತಿತು, ಅದು ಎಲ್ಲಿಗೂ ಹಾಯಬೇಕಿರಲಿಲ್ಲ. ಬಲಗಡ್ಡಿಯ ಮೇಲಿನ ಕೊನೆಯ ಕುಣಿಕೆಗಳನ್ನು ಚಪ್ಪಟೆಯಾಗಿ ಹರಡಿಕೊಂಡು, ನೀಲಿಯನ್ನು ಕೆಂಪಿನ ಅಡಿಯಿಂದ ತಂದು, ಎರಡು ಕುಣಿಕೆಯ ಅಗಲಕ್ಕೆ ಸಾಕಾಗುವಷ್ಟು ಸಡಿಲ ಬಿಟ್ಟು ಹೆಣೆಯಿರಿ.

ಪ್ರಮೀಳಾ:
ಅಥವಾ ಎಡಬದಿಯ ನೀಲಿಯನ್ನು ಅಲ್ಲಿ ಕತ್ತರಿಸಿ ಹೊಸದಾಗಿ ಸೇರಿಸಿಕೊಳ್ಳಿ. ನಾಲ್ಕು ಐದು ಕುಣಿಕೆ ಹಾಯಬೇಕಾದಾಗ ನಾನು ಹಾಗೆಯೇ ಮಾಡುವುದು.

ಸುಮಂಗಲಾ:
ಎರಡೇ ಕುಣಿಕೆಗೆ ಕತ್ತರಿಸುವುದು ಹೆಚ್ಚಾಯಿತು. ಎರಡು ತುದಿಗಳು, ಮತ್ತೆ ಮುಚ್ಚಬೇಕಾದ ಒಂದು ತೂತು.

ವಿನುತಾ:
ಸಡಿಲ ಬಿಟ್ಟು ಹೆಣೆದು ನೋಡುತ್ತೇನೆ. ಹೌದು, ಅದು ನಿಟ್ ಸಾಲೇ ಆಗಿತ್ತು.